ಒಂದೇ ಲೆಕ್ಕದಲ್ಲಿ ಎರಡು ಅರವತ್ತು

ಉತ್ತರ ಸರಿಯಾಗಿ ಬಂದ ಲೆಕ್ಕವನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ನರ್ಸಿಂಗ್ ವಿದ್ಯಾರ್ಥಿಗಳ ಅಭ್ಯಾಸದ ಹಾಳೆಗಳನ್ನು ತಿದ್ದುವ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಮಾತ್ರ ಅಂಥ ಲೆಕ್ಕಗಳೇ. ತಪ್ಪು ಉತ್ತರ ತಾನಾಗಿಯೇ ಎದ್ದು ಕಾಣುತ್ತದೆ, ಅದಕ್ಕೆ ಕೆಂಪು ಗೀಟು ಎಳೆದರೆ ಮುಗಿಯಿತು. ತಪ್ಪು ದಾರಿಯಲ್ಲಿ ನಡೆದು ಸರಿಯಾದ ಸಂಖ್ಯೆಗೆ ಬಂದು ತಲುಪಿದ ಲೆಕ್ಕ ಹಾಗಲ್ಲ. ಅದಕ್ಕೆ ಪೂರ್ತಿ ಅಂಕ ಸಿಗುತ್ತದೆ, ಮುಂದಿನ ಲೆಕ್ಕದಲ್ಲಿ ಅದೇ ದಾರಿ ಮೂರು ಪಟ್ಟು ಔಷಧಿಯ ಕಡೆಗೆ ಕರೆದುಕೊಂಡು ಹೋಗುತ್ತದೆ. ಅಂಥದ್ದೊಂದು ಲೆಕ್ಕವನ್ನು ಇಲ್ಲಿ ನಿಧಾನವಾಗಿ ಬಿಡಿಸುತ್ತೇನೆ.

ಪ್ರಶ್ನೆ ಹೀಗಿದೆ. ರೋಗಿಯ ತೂಕ 56 ಕೆ.ಜಿ. ಡೋಪಮೈನ್ ಅನ್ನು ಪ್ರತಿ ಕೆ.ಜಿ.ಗೆ, ಪ್ರತಿ ನಿಮಿಷಕ್ಕೆ 5 ಮೈಕ್ರೋಗ್ರಾಂನಂತೆ ಕೊಡಬೇಕು. ಬಾಟಲಿಯಲ್ಲಿ 500 ಮಿ.ಲೀ. ದ್ರಾವಣವಿದ್ದು, ಅದರಲ್ಲಿ 400 ಮಿ.ಗ್ರಾಂ ಡೋಪಮೈನ್ ಇದೆ. ಬಳಸುತ್ತಿರುವುದು ಮೈಕ್ರೋ ಡ್ರಿಪ್ ಸೆಟ್, ಅಂದರೆ 60 ಹನಿಗೆ ಒಂದು ಮಿ.ಲೀ. ಹಾಗಾದರೆ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು?

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಡೋಪಮೈನ್‌ನಂತಹ ಔಷಧಿಯನ್ನು ಇನ್‌ಫ್ಯೂಷನ್ ಪಂಪ್ ಇರುವ ಕಡೆ ಪಂಪ್‌ನಲ್ಲೇ ಕೊಡುತ್ತಾರೆ. ರೋಲರ್ ಕ್ಲಾಂಪ್ ತಿರುಗಿಸಿ, ಹನಿ ಎಣಿಸಿ ಕೊಡುವ ಔಷಧಿ ಇದಲ್ಲ. ಆದರೆ ಅಭ್ಯಾಸದ ಲೆಕ್ಕವಾಗಿ ಇದು ಬಹಳ ಒಳ್ಳೆಯದು, ಏಕೆಂದರೆ ತೂಕ, ಸಮಯ, ಔಷಧಿಯ ಪ್ರಮಾಣ, ದ್ರಾವಣ, ಹನಿ ಎಲ್ಲವೂ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿವೆ.

ಹೆಚ್ಚಿನವರು ಮಾಡುವ ಕ್ರಮ ಇದು. 5 ಮತ್ತು 56 ಗುಣಿಸಿದರೆ 280. ಅದು ಮೈಕ್ರೋಗ್ರಾಂ, ಸಾವಿರದಿಂದ ಭಾಗಿಸಿದರೆ 0.28 ಮಿ.ಗ್ರಾಂ. ಬಾಟಲಿಯಲ್ಲಿ 400 ಮಿ.ಗ್ರಾಂಗೆ 500 ಮಿ.ಲೀ., ಅಂದರೆ ಮಿ.ಲೀ.ಗೆ 0.8 ಮಿ.ಗ್ರಾಂ. 0.28 ಅನ್ನು 0.8ರಿಂದ ಭಾಗಿಸಿದರೆ 0.35. ಕೊನೆಗೆ 60ರಿಂದ ಗುಣಿಸಿದರೆ 21. ಉತ್ತರ: ನಿಮಿಷಕ್ಕೆ 21 ಹನಿ. ಪುಸ್ತಕದ ಹಿಂದಿನ ಪುಟದಲ್ಲಿಯೂ 21 ಎಂದೇ ಇದೆ.

ಈಗ ನಾನು ಕೇಳುವ ಪ್ರಶ್ನೆ ಒಂದೇ: ಕೊನೆಯಲ್ಲಿ ಗುಣಿಸಿದ ಆ 60 ಎಲ್ಲಿಂದ ಬಂತು?

"ಗಂಟೆಗೆ ಅರವತ್ತು ನಿಮಿಷ ಅಲ್ಲವೇ ಮೇಡಂ?" ಎಂಬ ಉತ್ತರ ಬಂದಾಗ ನನಗೆ ಆಶ್ಚರ್ಯವಾಗುವುದಿಲ್ಲ. ಡ್ರಿಪ್ ಲೆಕ್ಕದ ಮೊದಲ ಪಾಠದಿಂದಲೇ 60 ಎಂದರೆ ಗಂಟೆ ಎಂದು ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಒಂದು ಲೀಟರ್ ಸಲೈನ್ ಎಂಟು ಗಂಟೆಗಳಲ್ಲಿ ಹೋಗಬೇಕು ಎಂಬಂಥ ಲೆಕ್ಕಗಳಲ್ಲಿ ಗಂಟೆಯನ್ನು ನಿಮಿಷ ಮಾಡಲು ಆ 60 ಬೇಕೇ ಬೇಕು. ಆದರೆ ಈ ಡೋಪಮೈನ್ ಪ್ರಶ್ನೆಯನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ಗಂಟೆ ಎಂಬ ಮಾತೇ ಇಲ್ಲ. ಔಷಧಿಯನ್ನು ಹೇಳಿರುವುದು ನಿಮಿಷದ ಲೆಕ್ಕದಲ್ಲಿ, ಉತ್ತರ ಕೇಳಿರುವುದೂ ನಿಮಿಷದ ಲೆಕ್ಕದಲ್ಲಿ. ಇಲ್ಲಿ ಬರಬೇಕಾದ 60 ಗಡಿಯಾರದ್ದಲ್ಲ, ಡ್ರಿಪ್ ಸೆಟ್‌ನದ್ದು.

ಬರಿಯ ಸಂಖ್ಯೆಗಳನ್ನು ನೋಡಿದರೆ ಈ ವ್ಯತ್ಯಾಸ ಕಾಣಿಸುವುದಿಲ್ಲ. 60 ಎಂದರೆ 60. ಏಕಮಾನಗಳನ್ನು ಜೊತೆಗೆ ಬರೆದರೆ ಮಾತ್ರ ಒಂದು 60 ಇನ್ನೊಂದರಿಂದ ಬೇರೆಯಾಗುತ್ತದೆ. ಹಾಗಾಗಿ ಇಡೀ ಲೆಕ್ಕವನ್ನು ಒಂದೇ ಸರಪಳಿಯಾಗಿ ಬರೆಯೋಣ. ಪುಸ್ತಕಗಳಲ್ಲಿ gtt ಎಂದು ಬರೆಯುವ ಏಕಮಾನವನ್ನು ಇಲ್ಲಿ ಹನಿ ಎಂದೇ ಬರೆದಿದ್ದೇನೆ.

```
5 ಮೈಕ್ರೋಗ್ರಾಂ / (ಕೆ.ಜಿ. × ನಿಮಿಷ)
× 56 ಕೆ.ಜಿ.
× 1 ಮಿ.ಗ್ರಾಂ / 1000 ಮೈಕ್ರೋಗ್ರಾಂ
× 500 ಮಿ.ಲೀ. / 400 ಮಿ.ಗ್ರಾಂ
× 60 ಹನಿ / 1 ಮಿ.ಲೀ.
= 21 ಹನಿ / ನಿಮಿಷ
```

ಇದನ್ನು ಪರೀಕ್ಷಿಸುವಾಗ ಸಂಖ್ಯೆಗಳನ್ನು ಕೈಯಿಂದ ಮುಚ್ಚಿಕೊಳ್ಳಿ ಎಂದು ನಾನು ಹೇಳುತ್ತೇನೆ. ಮೊದಲ ಸಾಲಿನ ಛೇದದಲ್ಲಿ ಕೆ.ಜಿ. ಇದೆ, ಎರಡನೆಯ ಸಾಲಿನಲ್ಲಿ ಮೇಲೆ ಕೆ.ಜಿ. ಇದೆ, ಎರಡನ್ನೂ ಹೊಡೆದುಹಾಕಿ. ಮೇಲಿನ ಮೈಕ್ರೋಗ್ರಾಂ ಮೂರನೆಯ ಸಾಲಿನ ಕೆಳಗಿನ ಮೈಕ್ರೋಗ್ರಾಂ ಜೊತೆ ಹೋಗುತ್ತದೆ. ಅಲ್ಲಿ ಹೊಸದಾಗಿ ಬಂದ ಮಿ.ಗ್ರಾಂ ನಾಲ್ಕನೆಯ ಸಾಲಿನ ಛೇದದೊಂದಿಗೆ ಹೋಗುತ್ತದೆ. ನಾಲ್ಕನೆಯ ಸಾಲಿನ ಮಿ.ಲೀ. ಐದನೆಯ ಸಾಲಿನ ಮಿ.ಲೀ. ಜೊತೆ ಹೋಗುತ್ತದೆ. ಉಳಿದದ್ದು ಮೇಲೆ ಹನಿ, ಕೆಳಗೆ ನಿಮಿಷ. ಪ್ರಶ್ನೆ ಕೇಳಿದ್ದೂ ಅದನ್ನೇ. ಇಷ್ಟಾದ ಮೇಲೆ ಕೈ ತೆಗೆದು ಸಂಖ್ಯೆಗಳನ್ನು ಗುಣಿಸಬಹುದು.

ಈಗ ಗಂಟೆಯ 60 ಹಾಕಿದ ವಿದ್ಯಾರ್ಥಿಯ ದಾರಿಯನ್ನು ಏಕಮಾನಗಳೊಂದಿಗೆ ಬರೆದು ನೋಡೋಣ. 0.35 ಎಂಬುದು ನಿಮಿಷಕ್ಕೆ 0.35 ಮಿ.ಲೀ. ಅದನ್ನು ಗಂಟೆಗೆ 60 ನಿಮಿಷ ಎಂಬುದರಿಂದ ಗುಣಿಸಿದರೆ ನಿಮಿಷಗಳು ಹೊಡೆದುಹೋಗಿ ಉಳಿಯುವುದು ಗಂಟೆಗೆ 21 ಮಿ.ಲೀ. ಇದು ಸುಳ್ಳಲ್ಲ. ಆ ರೋಗಿಗೆ ನಿಜಕ್ಕೂ ಗಂಟೆಗೆ 21 ಮಿ.ಲೀ. ಹೋಗಬೇಕು, ಪಂಪ್ ಇದ್ದರೆ ಅದರಲ್ಲಿ ಒತ್ತುವ ಸಂಖ್ಯೆಯೂ ಇದೇ. ಆದರೆ ಇದರಲ್ಲಿ ಹನಿಯ ಸುಳಿವೇ ಇಲ್ಲ. ಗಂಟೆಗೆ 21 ಮಿ.ಲೀ. ಎಂದು ಬಂದದ್ದನ್ನು ನಿಮಿಷಕ್ಕೆ 21 ಹನಿ ಎಂದು ಬರೆದಾಗ ಕೇವಲ ಹೆಸರು ಬದಲಾಯಿತು, ಲೆಕ್ಕ ಆಗಲಿಲ್ಲ.

ಹಾಗಿದ್ದರೂ ಎರಡೂ 21 ಆದದ್ದು ಹೇಗೆ? ಗಂಟೆಯ ಮಿ.ಲೀ.ಯನ್ನು ನಿಮಿಷದ ಹನಿಯಾಗಿಸಲು ಮಿ.ಲೀ.ಗೆ 60 ಹನಿಯಿಂದ ಗುಣಿಸಬೇಕು, ಗಂಟೆಗೆ 60 ನಿಮಿಷದಿಂದ ಭಾಗಿಸಬೇಕು. ಒಂದು 60 ಮೇಲೆ, ಇನ್ನೊಂದು 60 ಕೆಳಗೆ. ಸಂಖ್ಯೆಗಳಾಗಿ ಅವು ಪರಸ್ಪರ ಹೊಡೆದುಹೋಗುತ್ತವೆ, ಏಕಮಾನಗಳು ಮಾತ್ರ ಬದಲಾಗುತ್ತವೆ. ಮೈಕ್ರೋ ಸೆಟ್‌ನಲ್ಲಿ ಗಂಟೆಗೆ ಎಷ್ಟು ಮಿ.ಲೀ. ಇದೆಯೋ ನಿಮಿಷಕ್ಕೆ ಅಷ್ಟೇ ಹನಿ ಎಂಬ ಸುಲಭಸೂತ್ರ ವಾರ್ಡ್‌ಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಸೂತ್ರ ಸರಿಯಾದದ್ದೇ, ಕಷ್ಟದ ಸಮಯದಲ್ಲಿ ಉಪಯೋಗಕ್ಕೂ ಬರುತ್ತದೆ. ಅದರ ಹಿಂದೆ ಎರಡು ಅರವತ್ತುಗಳಿವೆ ಎಂಬುದನ್ನು ಮರೆತು ಕಲಿತವರ ಬಗ್ಗೆಯಷ್ಟೇ ನನಗೆ ಭಯ.

ಭಯಕ್ಕೆ ಕಾರಣ ಇದೇ ಪ್ರಶ್ನೆಯ ಎರಡನೆಯ ಭಾಗದಲ್ಲಿ ಸಿಗುತ್ತದೆ: "ಇದೇ ಔಷಧಿಯನ್ನು ಮಿ.ಲೀ.ಗೆ 20 ಹನಿಯ ಸೆಟ್‌ನಲ್ಲಿ ಕೊಟ್ಟರೆ?" ದೊಡ್ಡ ಹನಿಯ ಸೆಟ್‌ಗಳಲ್ಲಿ 10, 15, 20 ಎಂಬ ಡ್ರಾಪ್ ಫ್ಯಾಕ್ಟರ್‌ಗಳು ಸಾಮಾನ್ಯ, ಯಾವುದು ಎಂಬುದನ್ನು ಪೊಟ್ಟಣದ ಮೇಲೆಯೇ ಮುದ್ರಿಸಿರುತ್ತಾರೆ. ಸರಪಳಿ ಬರೆದವರಿಗೆ ಇಲ್ಲಿ ಬದಲಾಯಿಸಬೇಕಾದದ್ದು ಕೊನೆಯ ಒಂದೇ ಸಾಲು. 60 ಹನಿಯ ಜಾಗದಲ್ಲಿ 20 ಹನಿ ಬರೆದರೆ 0.35 ಮತ್ತು 20 ಗುಣಿಸಿ ನಿಮಿಷಕ್ಕೆ 7 ಹನಿ. ಗಂಟೆಯ 60 ಎಂದುಕೊಂಡಿದ್ದವರಿಗೆ ಮಾತ್ರ ಬದಲಾಯಿಸಲು ಏನೂ ಕಾಣುವುದಿಲ್ಲ, ಸೆಟ್ ಬದಲಾದರೇನು, ಗಂಟೆಗೆ ನಿಮಿಷಗಳು ಬದಲಾಗುತ್ತವೆಯೇ? ಅವರು ಮತ್ತೆ 21 ಎಂದೇ ಬರೆಯುತ್ತಾರೆ. ಇನ್ನು ಕೆಲವರು 21ನ್ನು 20ರಿಂದ ಗುಣಿಸಿ 420 ಎಂದು ಬರೆದು, ಸಂಖ್ಯೆ ದೊಡ್ಡದಾಯಿತಲ್ಲ ಎಂದು ಪೆನ್ನು ಕಚ್ಚುತ್ತಾ ಕೂರುತ್ತಾರೆ. ಈ ಎರಡನೆಯವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಗಂಟೆಗೆ 21 ಮಿ.ಲೀ.ಯನ್ನು ಮಿ.ಲೀ.ಗೆ 20 ಹನಿಯಿಂದ ಗುಣಿಸಿದರೆ ಬರುವುದು ಗಂಟೆಗೆ 420 ಹನಿ; ಏಕಮಾನ ಬರೆದ ಕೂಡಲೇ ಇನ್ನೂ ಗಂಟೆ ಉಳಿದುಕೊಂಡಿದೆ ಎಂದು ಗೊತ್ತಾಗುತ್ತದೆ, 60 ನಿಮಿಷದಿಂದ ಭಾಗಿಸಿದರೆ 7 ಸಿಗುತ್ತದೆ.

21 ಎಂದು ಬರೆದವರ ಉತ್ತರವನ್ನು ಹಿಂದಕ್ಕೆ ನಡೆಸಿ ನೋಡಿ. 20 ಹನಿಯ ಸೆಟ್‌ನಲ್ಲಿ ನಿಮಿಷಕ್ಕೆ 21 ಹನಿ ಬಿದ್ದರೆ ನಿಮಿಷಕ್ಕೆ 1.05 ಮಿ.ಲೀ. ಹೋಗುತ್ತದೆ. ಮಿ.ಲೀ.ಗೆ 800 ಮೈಕ್ರೋಗ್ರಾಂ ಇರುವುದರಿಂದ ಅದು 840 ಮೈಕ್ರೋಗ್ರಾಂ. 56 ಕೆ.ಜಿ.ಯಿಂದ ಭಾಗಿಸಿದರೆ ಕೆ.ಜಿ.ಗೆ, ನಿಮಿಷಕ್ಕೆ 15 ಮೈಕ್ರೋಗ್ರಾಂ. ಕೇಳಿದ್ದು 5. ಡೋಪಮೈನ್ ವಿಷಯದಲ್ಲಿ ಇದು ಸ್ವಲ್ಪ ಹೆಚ್ಚಾಯಿತು ಎಂದು ಬಿಡುವ ಮಾತಲ್ಲ. 5ರ ಆಸುಪಾಸಿನಲ್ಲಿ ಅದು ಮುಖ್ಯವಾಗಿ ಹೃದಯದ ಸಂಕೋಚನದ ಬಲವನ್ನು ಹೆಚ್ಚಿಸುತ್ತದೆ. 10 ದಾಟಿದ ಮೇಲೆ ರಕ್ತನಾಳಗಳನ್ನು ಬಿಗಿಗೊಳಿಸುವ ಗುಣವೇ ಮೇಲಾಗುತ್ತಾ ಹೋಗುತ್ತದೆ. ಪ್ರಮಾಣ ಮೂರು ಪಟ್ಟಾದಾಗ ಔಷಧಿಯ ಸ್ವಭಾವವೇ ಬೇರೆಯಾಗುತ್ತದೆ.

ಹೀಗೆ ಉತ್ತರದಿಂದ ವೈದ್ಯರ ಆದೇಶದ ಕಡೆಗೆ ಹಿಂದಕ್ಕೆ ನಡೆಯುವುದೇ ನನಗೆ ಮೆಚ್ಚಿನ ಪರೀಕ್ಷೆ. ಅದೇ ಲೆಕ್ಕವನ್ನು ಅದೇ ದಿಕ್ಕಿನಲ್ಲಿ ಮತ್ತೆ ಮಾಡಿದರೆ ಮನಸ್ಸು ಅದೇ ತಪ್ಪನ್ನು ಅದೇ ಜಾಗದಲ್ಲಿ ಮಾಡುತ್ತದೆ. ಹಿಂದಕ್ಕೆ ನಡೆಯುವಾಗ ಪ್ರತಿ ಭಿನ್ನರಾಶಿಯನ್ನೂ ತಲೆಕೆಳಗು ಮಾಡಬೇಕಾಗುತ್ತದೆ, ಆಗ ಅದು ಏನು ಎಂದು ಯೋಚಿಸದೆ ಗತಿಯಿಲ್ಲ.

ತಲೆಕೆಳಗು ಎಂದ ಕೂಡಲೇ ನೆನಪಾಯಿತು. ಈ ಬಗೆಯ ಲೆಕ್ಕದಲ್ಲಿ ಬಹಳ ಮೋಸಮಾಡುವ ತಪ್ಪು, ದ್ರಾವಣದ ಸಾಲನ್ನು ಉಲ್ಟಾ ಬರೆಯುವುದು. ಪ್ರಶ್ನೆಯಲ್ಲಿ 400 ಮಿ.ಗ್ರಾಂ, 500 ಮಿ.ಲೀ. ಎರಡೂ ಇವೆ, ಯಾವುದು ಮೇಲೆ ಎಂಬ ಗೊಂದಲದಲ್ಲಿ 400 ಮೇಲೆ, 500 ಕೆಳಗೆ ಬರೆದುಬಿಟ್ಟರೆ ಉತ್ತರ 13.44 ಬರುತ್ತದೆ. ಪೂರ್ಣಗೊಳಿಸಿದರೆ 13. ನಿಮಿಷಕ್ಕೆ 13 ಹನಿ ಎಂಬುದು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣುವುದಿಲ್ಲ. 1300 ಎಂದಿದ್ದರೆ ಹುಬ್ಬೇರುತ್ತಿತ್ತು, 13 ಯಾವ ವಾರ್ಡ್‌ನಲ್ಲಾದರೂ ಇರಬಹುದಾದ ಸಂಖ್ಯೆ. ಅಂದಾಜಿನ ಮೇಲೆ ನಂಬಿಕೆ ಇಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಏಕಮಾನಗಳನ್ನು ಹೊಡೆಯಲು ಹೋದವರಿಗೆ ಮಾತ್ರ ಕೂಡಲೇ ಅಡ್ಡಿಯಾಗುತ್ತದೆ: ಮೇಲೆ ಮಿ.ಗ್ರಾಂ ಎರಡು ಸಲ ಬಂದಿದೆ, ಕೆಳಗೆ ಒಂದೂ ಇಲ್ಲ. ಕೆಳಗೆ ಮಿ.ಲೀ. ಎರಡು ಸಲ ಬಂದಿದೆ, ಮೇಲೆ ಒಂದೂ ಇಲ್ಲ. ಉತ್ತರವನ್ನು ಪ್ರಾಮಾಣಿಕವಾಗಿ ಬರೆದರೆ 13.44 ಹನಿ, ಮಿ.ಗ್ರಾಂನ ವರ್ಗ, ಭಾಗಿಸು ನಿಮಿಷ, ಮಿ.ಲೀ.ಯ ವರ್ಗ ಎಂದು ಬರೆಯಬೇಕು. ಮಿಲಿಗ್ರಾಂನ ವರ್ಗ ಎಂಬ ವಸ್ತುವನ್ನು ಯಾವ ಡ್ರಿಪ್ ಚೇಂಬರ್‌ನಲ್ಲೂ ಯಾರೂ ಕಂಡಿಲ್ಲ. ಎರಡು ಸಲ ಬಂದ ಏಕಮಾನ ಯಾವುದು ಎಂದು ನೋಡಿದರೆ ಉಲ್ಟಾ ಆದ ಸಾಲು ಯಾವುದು ಎಂಬುದೂ ತಿಳಿಯುತ್ತದೆ, ಹುಡುಕಬೇಕಾಗಿಲ್ಲ.

ಆ 13 ಹನಿಯನ್ನು ಹಿಂದಕ್ಕೆ ನಡೆಸಿದರೆ ಕೆ.ಜಿ.ಗೆ, ನಿಮಿಷಕ್ಕೆ ಸುಮಾರು 3.1 ಮೈಕ್ರೋಗ್ರಾಂ. ರಕ್ತದೊತ್ತಡ ಏರಬೇಕಾದ ರೋಗಿಗೆ ಬರೆದದ್ದಕ್ಕಿಂತ ಬಹಳ ಕಡಿಮೆ.

ತೂಕವನ್ನು ಸೇರಿಸಲು ಮರೆತರೆ ಕೆಳಗೆ ಕೆ.ಜಿ. ಹಾಗೆಯೇ ನಿಂತಿರುತ್ತದೆ. ಮೈಕ್ರೋಗ್ರಾಂ ಬದಲಾಯಿಸಲು ಮರೆತರೆ ಮೇಲೆ ಮೈಕ್ರೋಗ್ರಾಂ, ಕೆಳಗೆ ಮಿ.ಗ್ರಾಂ ಮುಖಾಮುಖಿಯಾಗಿ ಉಳಿಯುತ್ತವೆ. ಇವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಸಂಖ್ಯೆಯೇ 0.375 ಅಥವಾ 21,000 ಎಂದು ಬಂದು ಕೂಗಿ ಹೇಳುತ್ತದೆ.

ಈ ವಿಧಾನವನ್ನು ಇಷ್ಟು ಹೊಗಳಿದ ಮೇಲೆ ಅದು ಎಲ್ಲಿ ಕುರುಡು ಎಂಬುದನ್ನೂ ಹೇಳಬೇಕು. ಏಕಮಾನಗಳ ಪರೀಕ್ಷೆಗೆ ಸಂಖ್ಯೆಗಳು ಕಾಣುವುದಿಲ್ಲ. ಒಂದು ಮಿ.ಗ್ರಾಂಗೆ 100 ಮೈಕ್ರೋಗ್ರಾಂ ಎಂದು ಬರೆದರೂ ಏಕಮಾನಗಳು ಅಷ್ಟೇ ಅಚ್ಚುಕಟ್ಟಾಗಿ ಹೊಡೆದುಹೋಗುತ್ತವೆ. ಕೈಯಲ್ಲಿ 20 ಹನಿಯ ಸೆಟ್ ಹಿಡಿದು ಹಾಳೆಯ ಮೇಲೆ 60 ಹನಿ ಎಂದು ಬರೆದರೂ ಸರಪಳಿ ಏನೂ ಆಕ್ಷೇಪ ಎತ್ತುವುದಿಲ್ಲ. ಅದಕ್ಕೆ ಪೊಟ್ಟಣವನ್ನೇ ಓದಬೇಕು.

ಇನ್ನೊಂದು ಕುರುಡು ಜಾಗ ಇದಕ್ಕಿಂತ ಸೂಕ್ಷ್ಮವಾದದ್ದು. ಕೆಲವು ಅಭ್ಯಾಸ ಪ್ರಶ್ನೆಗಳು ಬಾಟಲಿಯ ಜೊತೆಗೆ ಆಂಪ್ಯೂಲ್‌ನ ವಿವರವನ್ನೂ ಕೊಡುತ್ತವೆ: ಡೋಪಮೈನ್ ಆಂಪ್ಯೂಲ್‌ನಲ್ಲಿ 5 ಮಿ.ಲೀ.ಗೆ 200 ಮಿ.ಗ್ರಾಂ, ಅಂಥ ಎರಡು ಆಂಪ್ಯೂಲ್‌ಗಳನ್ನು 500 ಮಿ.ಲೀ.ಗೆ ಸೇರಿಸಿದೆ ಎಂದು. ಈಗ ಲೆಕ್ಕದಲ್ಲಿ ಎರಡು ಬಗೆಯ ಮಿ.ಲೀ.ಗಳು ಓಡಾಡುತ್ತಿವೆ. ಅವಸರದಲ್ಲಿ ಯಾರಾದರೂ ನಾಲ್ಕನೆಯ ಸಾಲಿನಲ್ಲಿ ಬಾಟಲಿಯ ಬದಲು ಆಂಪ್ಯೂಲ್ ಅನ್ನು, ಅಂದರೆ 200 ಮಿ.ಗ್ರಾಂಗೆ 5 ಮಿ.ಲೀ. ಎಂದು ಬರೆದರೆ ಏಕಮಾನಗಳು ಚೆನ್ನಾಗಿ ಹೊಡೆದುಹೋಗಿ ನಿಮಿಷಕ್ಕೆ ಇಷ್ಟು ಹನಿ ಎಂದೇ ಉಳಿಯುತ್ತದೆ. ಬರುವ ಸಂಖ್ಯೆ 0.42. ಎರಡು ನಿಮಿಷಕ್ಕಿಂತ ಹೆಚ್ಚು ಕಾಯ್ದರೆ ಒಂದು ಹನಿ. ಸಂಖ್ಯೆ ಹಾಸ್ಯಾಸ್ಪದವಾಗಿರುವುದರಿಂದ ಇಲ್ಲಿ ಬಚಾವಾದೆವು, ಏಕಮಾನದಿಂದಲ್ಲ.

ಇದಕ್ಕೆ ಮದ್ದು ಏಕಮಾನಕ್ಕೆ ವಸ್ತುವಿನ ಹೆಸರನ್ನೂ ಅಂಟಿಸಿ ಬರೆಯುವುದು. ಬರಿಯ ಮಿ.ಲೀ. ಅಲ್ಲ, ಬಾಟಲಿ-ಮಿ.ಲೀ., ಆಂಪ್ಯೂಲ್-ಮಿ.ಲೀ. ಸೆಟ್‌ನಲ್ಲಿ ಹನಿಯಾಗಿ ಬೀಳುವುದು ಬಾಟಲಿ-ಮಿ.ಲೀ., ಹಾಗಾಗಿ ಕೊನೆಯ ಸಾಲಿನ ಛೇದದಲ್ಲಿರುವುದೂ ಅದೇ. ಆಂಪ್ಯೂಲ್-ಮಿ.ಲೀ. ಅದರೊಂದಿಗೆ ಹೊಡೆದುಹೋಗಲು ಒಪ್ಪುವುದಿಲ್ಲ. ಬರೆಯಲು ಬೇಸರ ಎಂದು ವಿದ್ಯಾರ್ಥಿಗಳು ಗೊಣಗುತ್ತಾರೆ, ಗೊಣಗಲಿ. ಆಂಪ್ಯೂಲ್‌ನ ಆ 10 ಮಿ.ಲೀ. ಸೇರಿ ಬಾಟಲಿಯಲ್ಲಿ 510 ಆಗುವುದಿಲ್ಲವೇ ಎಂದು ಚುರುಕಾದವರೊಬ್ಬರು ಕೇಳಿಯೇ ಕೇಳುತ್ತಾರೆ. ಆಗುತ್ತದೆ, ಹಾಗೆ ಮಾಡಿದರೆ 21.4 ಬರುತ್ತದೆ, ಹನಿ ಎಣಿಸುವಾಗ ಅದೂ 21ಕ್ಕೇ ಬಂದು ನಿಲ್ಲುತ್ತದೆ. ಪ್ರಶ್ನೆ ಒಟ್ಟು ದ್ರಾವಣ 500 ಎಂದು ಹೇಳಿದ್ದರೆ 500ನ್ನೇ ಹಿಡಿಯಬೇಕು.

ಹನಿ ಎಣಿಸುವ ಮಾತು ಬಂದದ್ದರಿಂದ ಪೂರ್ಣಗೊಳಿಸುವ ವಿಷಯ. 56 ಕೆ.ಜಿ. ಎಂಬ ತೂಕದಿಂದ 21 ಎಂಬ ಪೂರ್ಣಸಂಖ್ಯೆ ಬಂದದ್ದು ನಮ್ಮ ಅದೃಷ್ಟ. ತೂಕ 60 ಕೆ.ಜಿ. ಇದ್ದಿದ್ದರೆ ಅದೇ ಸರಪಳಿ 22.5 ಕೊಡುತ್ತದೆ. ಅರ್ಧ ಹನಿ ಬೀಳುವುದಿಲ್ಲ. 22 ಬರೆಯಬೇಕೋ 23 ಬರೆಯಬೇಕೋ ಎಂದು ತರಗತಿಯಲ್ಲಿ ಜಗಳವೇ ಆಗುತ್ತದೆ. ಅರ್ಧ ಬಂದರೆ ಮೇಲಕ್ಕೆ ಎಂಬ ರೂಢಿಯಂತೆ ಪರೀಕ್ಷೆಯಲ್ಲಿ 23 ಎಂದು ಬರೆಯುತ್ತಾರೆ. ಆದರೆ ರೂಢಿಯನ್ನು ಬದಿಗಿಟ್ಟು ಎರಡನ್ನೂ ಹಿಂದಕ್ಕೆ ನಡೆಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 22 ಹನಿ ಎಂದರೆ ಕೆ.ಜಿ.ಗೆ, ನಿಮಿಷಕ್ಕೆ 4.89 ಮೈಕ್ರೋಗ್ರಾಂ, 23 ಎಂದರೆ 5.11. ಎರಡೂ 5ಕ್ಕೆ ಸಮಾನ ದೂರದಲ್ಲಿವೆ, ಜಗಳವಾಡುವಷ್ಟು ವ್ಯತ್ಯಾಸವಿಲ್ಲ.

ಇದೇ ರೋಗಿಗೆ 20 ಹನಿಯ ಸೆಟ್ ಹಾಕಿದರೆ ಉತ್ತರ 7.5. ಈಗ 7 ಎಂದರೆ 4.67 ಮೈಕ್ರೋಗ್ರಾಂ, 8 ಎಂದರೆ 5.33. ಒಂದು ಹನಿ ಆಚೀಚೆಯಾದರೆ ಮೊದಲ ಸೆಟ್‌ನಲ್ಲಿ ಬದಲಾಗುತ್ತಿದ್ದದ್ದು 0.22 ಮೈಕ್ರೋಗ್ರಾಂ, ಈ ಸೆಟ್‌ನಲ್ಲಿ 0.67. ಹನಿ ದೊಡ್ಡದಾದಷ್ಟೂ ಎಣಿಕೆಯ ಒಂದೊಂದು ಹನಿಯ ವ್ಯತ್ಯಾಸಕ್ಕೂ ಔಷಧಿ ಹೆಚ್ಚು ಜಿಗಿಯುತ್ತದೆ. ಇಂಥ ಔಷಧಿಗೆ ಪಂಪ್ ಇಲ್ಲದಿದ್ದಾಗ ಮೈಕ್ರೋ ಸೆಟ್ ತೆಗೆದುಕೊಳ್ಳಿ ಎಂದು ಹಿರಿಯ ಸಿಸ್ಟರ್‌ಗಳು ಹೇಳುವುದಕ್ಕೆ ಕಾರಣ ಈ ಭಾಗಾಕಾರದಲ್ಲಿದೆ, ಗಂಟೆಯ ಮಿ.ಲೀ.ಯೂ ನಿಮಿಷದ ಹನಿಯೂ ಒಂದೇ ಸಂಖ್ಯೆಯಾಗುವ ಅನುಕೂಲದಲ್ಲಿ ಅಲ್ಲ.